ನಾಲ್ಕನೇ ನಿಯಮ

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನೋಟ್‌ಬುಕ್ಕಿನ ಎಡಗಡೆ ಅಂಚಿನ ಗೆರೆ ಸೊಟ್ಟಗಿದ್ದರೆ ಒಳಗಿನದನ್ನು ಓದುತ್ತಲೇ ಇರಲಿಲ್ಲ. ಆ ಅಭ್ಯಾಸ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಹಾಲಿನ ಚೀಟಿಯಲ್ಲೂ ತಪ್ಪು ಕಂಡರೆ ಪೆನ್ಸಿಲ್ ಹುಡುಕುತ್ತೇನೆ. ನಮ್ಮ ಬೀದಿಯಲ್ಲಿದ್ದ ನಿವೃತ್ತ ಪ್ರಾಂಶುಪಾಲರಿಗೆ ಇದು ಗೊತ್ತಿತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕಿನ ಕೆರೆಗಳ ಬಗ್ಗೆ ಹನ್ನೊಂದು ಜನರಿಂದ ಬರೆಸಿ ಒಂದು ಪುಸ್ತಕ ತರಬೇಕೆಂದು ಅವರು ಹೊರಟಾಗ, ನನ್ನನ್ನು ಸಹಸಂಪಾದಕಿ ಮಾಡಿಕೊಂಡರು. ಹೇಗೂ ನೀವು ಮನೆಯಲ್ಲೇ ಇರ್ತೀರಲ್ಲಮ್ಮ ಎಂದಿದ್ದರು. ಆ ಮಾತು ಅಂದು ನನಗೆ ಚುಚ್ಚಲಿಲ್ಲ. ಖುಷಿಯಲ್ಲಿದ್ದೆ.

ಲೇಖನಗಳು ಒಂದೊಂದಾಗಿ ಬಂದವು. ಒಬ್ಬರು ಇಸವಿಯನ್ನು ಕನ್ನಡ ಅಂಕಿಯಲ್ಲಿ ಬರೆದರೆ ಇನ್ನೊಬ್ಬರು ಇಂಗ್ಲಿಷಿನಲ್ಲಿ. ಒಬ್ಬರ ಅಡಿಟಿಪ್ಪಣಿ ಪುಟದ ಕೆಳಗೆ, ಒಬ್ಬರದು ಲೇಖನದ ಕೊನೆಗೆ, ಮತ್ತೊಬ್ಬರದು ಎಲ್ಲೂ ಇಲ್ಲ. ಒಂದೇ ಊರಿಗೆ ಮೂರು ಬಗೆಯ ಹೆಸರು. ಹಾಗಾಗಿ ಎಲ್ಲರೂ ಪಾಲಿಸಬೇಕಾದ ನಿಯಮಗಳನ್ನು ಒಂದೇ ಹಾಳೆಯಲ್ಲಿ ಬರೆದು ಎಲ್ಲರಿಗೂ ಕಳಿಸಿದೆ. ಪ್ರಾಂಶುಪಾಲರು ಅದನ್ನು ಶೈಲಿಪಟ್ಟಿ ಎಂದು ಕರೆದರು. ಅದರ ನಾಲ್ಕನೇ ನಿಯಮ ಹೀಗಿತ್ತು: ಕೆರೆಗೆ ಸಂಬಂಧಿಸಿದ ಮಾತುಗಳ ಅರ್ಥವನ್ನು ಪುಸ್ತಕದಲ್ಲಿ ಆ ಮಾತು ಮೊದಲು ಬರುವ ಕಡೆ ಮಾತ್ರ ವಿವರಿಸಬೇಕು, ಮುಂದೆ ಮತ್ತೆ ವಿವರಿಸಬಾರದು.

ಬರೆಯುವಾಗ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ ಲೇಖನ. ದೇವರಾಯಸಮುದ್ರದ ಕಡೆಯ ಅಂಗನವಾಡಿ ಟೀಚರ್ ಒಬ್ಬರದು. ಅವರ ಮಾವ ನೀರುಗಂಟಿ, ಎಂದರೆ ಕೆರೆಯ ನೀರನ್ನು ಗದ್ದೆಗದ್ದೆಗೆ ಸರದಿಯಂತೆ ಬಿಡುತ್ತಿದ್ದವರು. ರೂಲ್ ಹಾಳೆಯಲ್ಲಿ ಕೈಬರಹ, ಎರಡು ಕಡೆ ಎಣ್ಣೆಯ ಹೆಬ್ಬೆಟ್ಟಿನ ಗುರುತು. 'ತೂಬು ಅಂದರೆ ಕೆರೆಯ ಗಂಟಲು. ನಮ್ಮ ಮಾವ ನೀರಿಗೆ ಇಳಿದು ಕಾಲಿನಲ್ಲೇ ಮುಟ್ಟಿ, ಗಂಟಲು ಎಷ್ಟು ತೆರೆದಿದೆ ಎಂದು ಹೇಳುತ್ತಿದ್ದರು' ಎಂದು ಅವರು ಬರೆದಿದ್ದರು. ಹೆಚ್ಚಾದ ನೀರು ಹೊರಹೋಗುವ ಕೋಡಿ, ಕೆರೆಯ ನೀರುಣ್ಣುವ ಗದ್ದೆಗಳ ಅಚ್ಚುಕಟ್ಟು, ತಳದ ಹೂಳು, ಎಲ್ಲಕ್ಕೂ ಹೀಗೇ ಮನೆಯವರ ಕೈಕಾಲು ಅಂಟಿಕೊಂಡ ವಿವರಣೆ. ಮಿಕ್ಕ ಹತ್ತು ಲೇಖನಗಳಲ್ಲೂ ಈ ಮಾತುಗಳಿಗೆ ಅರ್ಥವಿತ್ತು. ನಿಘಂಟಿನಿಂದ ಕಿತ್ತು ತಂದಂತೆ ಒಣಗಿತ್ತು ಅಷ್ಟೆ.

ಟೀಚರಮ್ಮನ ಲೇಖನವನ್ನು ಮೊದಲ ಅಧ್ಯಾಯ ಮಾಡಿದೆ. ಆಮೇಲೆ ನೀರು ಹರಿಯುವ ದಾರಿಯಲ್ಲೇ ಮಿಕ್ಕವನ್ನು ಜೋಡಿಸಿದೆ: ಕೆರೆಗೆ ನೀರು ತರುವ ಕಾಲುವೆಗಳು, ಏರಿ, ಗದ್ದೆ, ಶ್ರೀನಿವಾಸಪುರದ ಮಾವಿನ ತೋಟ, ಮಾಲೂರಿನ ಇಟ್ಟಿಗೆ ಗೂಡಿಗೆ ಹೋಗುವ ಹೂಳು, ಹೀಗೆ. ಸರ್ಕಾರದ ದೊಡ್ಡ ಹುದ್ದೆಯಿಂದ ನಿವೃತ್ತರಾದ ಅಧಿಕಾರಿಯೊಬ್ಬರ ಲೇಖನ ಯೋಜನೆಗಳ ಕುರಿತದ್ದು, ಅದು ಹತ್ತನೆಯದಾಯಿತು. ನಾಲ್ಕನೇ ನಿಯಮದಂತೆ ಹತ್ತೂ ಲೇಖನಗಳಿಂದ ಅರ್ಥವಿವರಣೆ ತೆಗೆದು, ಆ ಜಾಗದಲ್ಲಿ 'ಮೊದಲ ಅಧ್ಯಾಯ ನೋಡಿ' ಎಂದು ಸೇರಿಸಿದೆ. ಇವೆಲ್ಲ ಯಾಕೆ ಈ ಕ್ರಮದಲ್ಲಿವೆ, ಒಂದರಿಂದ ಇನ್ನೊಂದಕ್ಕೆ ಏನು ಹರಿಯುತ್ತದೆ ಎಂದು ಹೇಳುವ ಪ್ರಸ್ತಾವನೆಯನ್ನೂ ನಾನೇ ಬರೆದೆ. ಅನ್ನಕ್ಕಿಟ್ಟು ಬರೆದೆ, ಕುಕ್ಕರ್ ಕೂಗಿದಾಗ ಎದ್ದು ಬಂದು ಮತ್ತೆ ಬರೆದೆ. ಪ್ರಾಂಶುಪಾಲರು ಓದಿ, ಚೆನ್ನಾಗಿದೆ ಎಂದು ಸಹಿ ಹಾಕಿದರು. ಟೀಚರಮ್ಮನಿಗೆ ಫೋನ್ ಮಾಡಿ, ನಿಮ್ಮದೇ ಮೊದಲನೆಯದು ಎಂದು ಹೇಳಿದೆ. ಪುಸ್ತಕ ಬಂದ ಮೇಲೆ ನಮ್ಮ ಮಾವನ ಫೋಟೋ ಕೆಳಗೆ ಇಡ್ತೀನಿ ಅಕ್ಕ ಎಂದರು.

ಬಿಡುಗಡೆಯ ಆಹ್ವಾನಪತ್ರಿಕೆ ಅಚ್ಚಾಗುವವರೆಗೆ ಎಲ್ಲ ಸರಿಯಿತ್ತು. ನಮ್ಮ ಕಡೆ ಆಹ್ವಾನಪತ್ರಿಕೆಯಲ್ಲಿ ಹೆಸರಿನ ಸಾಲು ಎಂದರೆ ತಮಾಷೆಯಲ್ಲ. ಯಾರ ಹೆಸರು ಯಾರ ಮೇಲೆ ಬಂತು ಎಂಬುದಕ್ಕೆ ವರ್ಷಗಟ್ಟಲೆ ಮಾತು ಬಿಟ್ಟವರಿದ್ದಾರೆ. ಮೇಲೆ ಹುದ್ದೆಯವರು, ಆಮೇಲೆ ಪದವಿಯವರು, ಕೊನೆಯಲ್ಲಿ 'ಹಾಗೂ ಇತರರು'. ಪ್ರಾಂಶುಪಾಲರು ಆ ಕಾರ್ಡನ್ನು ಬಹಳ ಜತನದಿಂದ ಮಾಡಿಸಿದರು. ಜತೆಗೆ, ಪುಸ್ತಕದ ಪರಿವಿಡಿಯನ್ನೂ ಅದೇ ಸಾಲಿಗೆ ತಿರುಗಿಸಿಬಿಟ್ಟರು. ನನಗೆ ಹೇಳಲಿಲ್ಲ.

ನನಗೆ ತಿಳಿದದ್ದು ಪುಟವಿನ್ಯಾಸ ಮಾಡುವ ಡಿಟಿಪಿ ಅಂಗಡಿಯಲ್ಲಿ. ಅಲ್ಲಿನ ಹೆಂಗಸು ಕೊನೆಯ ಕರಡಿನ ಕಟ್ಟು ಕೈಗಿಟ್ಟು, ಸಾರ್ ಹೇಳಿದಂಗೆ ಎಲ್ಲಾ ಮಾಡಿದೀನಿ ಮೇಡಂ ಎಂದಳು. ತೆರೆದೆ. ಮೊದಲ ಅಧ್ಯಾಯ ಅಧಿಕಾರಿಗಳದು. ಎರಡನೇ ಪುಟದಲ್ಲಿಯೇ 'ತೂಬು ಎಂದರೆ ಕೆರೆಯ ಗಂಟಲು. ನೀರಿಗೆ ಇಳಿದು ಕಾಲಿನಿಂದ ಮುಟ್ಟಿ, ಗಂಟಲು ಎಷ್ಟು ತೆರೆದಿದೆ ಎಂದು ತಿಳಿಯಲಾಗುತ್ತಿತ್ತು' ಎಂದಿತ್ತು. ಮಾವ ಇರಲಿಲ್ಲ. ಕೋಡಿಯ ವಿವರಣೆ ಅಲ್ಲೇ, ಹೂಳಿನದೂ ಅಲ್ಲೇ. ಕಟ್ಟಿನ ತಳದಿಂದ ಹನ್ನೊಂದನೇ ಅಧ್ಯಾಯ ಎಳೆದು ನೋಡಿದೆ. ಟೀಚರಮ್ಮನ ಹೆಸರಿನ ಕೆಳಗೆ ಲೇಖನ ಮೀನಿನ ಮುಳ್ಳಿನಂತೆ ಉಳಿದಿತ್ತು. ಎಲ್ಲೆಲ್ಲಿ ಅವರ ಮನೆಯವರಿದ್ದರೋ ಅಲ್ಲೆಲ್ಲ 'ಮೊದಲ ಅಧ್ಯಾಯ ನೋಡಿ'.

ಎರಡೂ ಅಧ್ಯಾಯಗಳನ್ನು ಕಟ್ಟಿನಿಂದ ತೆಗೆದುಕೊಂಡು ನೇರ ಪ್ರಾಂಶುಪಾಲರ ಮನೆಗೆ ನಡೆದೆ.

ಅವರು ಚಹಾ ಕುಡಿಯುತ್ತಿದ್ದರು. ಬಿಸ್ಕತ್ತನ್ನು ಅದ್ದುತ್ತಿದ್ದರು, ಒದ್ದೆಯಾದ ಬೆರಳನ್ನು ಎದುರಿಗಿದ್ದ ಕರಡಿನ ಅಂಚಿಗೇ ಒರೆಸಿದರು. ನಾನು ಪುಟ ತೋರಿಸಿದೆ. ಅವರು ಮುಜುಗರಪಡುತ್ತಾರೆಂದುಕೊಂಡಿದ್ದೆ. ಇಲ್ಲ. ಅಧಿಕಾರಿಗಳು ವೇದಿಕೆ ಮೇಲೆ ಕೂತು ಪುಸ್ತಕ ತೆರೆದಾಗ ಮೊದಲು ಅಂಗನವಾಡಿಯವರ ಹೆಸರು ಕಂಡರೆ ಹೇಗಿರುತ್ತೆ, ನೀವೇ ಹೇಳಿ ಎಂದು ನನ್ನನ್ನೇ ಕೇಳಿದರು. ಜಾಗ ಬದಲಾಯಿಸಿದ್ದು ಒಂದು ಮಾತು ಸರ್, ವಾಕ್ಯಗಳನ್ನು ಯಾಕೆ ಎತ್ತಿದಿರಿ ಎಂದೆ.

"ನಾನೆಲ್ಲಿ ಎತ್ತಿದೆ? ನಿಯಮ ನಿಮ್ಮದೇ ಅಲ್ವೇನಮ್ಮ. ನಾಲ್ಕನೇದು. ಮೊದಲು ಬರೋ ಕಡೆ ವಿವರಿಸಬೇಕು ಅಂತ. ನಾನು ಪಾಲಿಸಿದೀನಿ ಅಷ್ಟೆ."

ನನ್ನ ಹಾಳೆಯನ್ನು ಕನ್ನಡಕದ ಡಬ್ಬಿಯ ಕೆಳಗಿನಿಂದ ತೆಗೆದು ತೋರಿಸಿದರು. ನನ್ನದೇ ಅಕ್ಷರ, ನೆಟ್ಟಗಿನ ಅಂಚು. ಬೇರೆಯವರ ವಾಕ್ಯವನ್ನು ಮತ್ತೊಬ್ಬರ ಹೆಸರಿನಡಿ ಇಡಬಾರದು ಎಂದು ನಾನು ಎಲ್ಲೂ ಬರೆದಿರಲಿಲ್ಲ. ಅದನ್ನು ಬರೆಯಬೇಕಾಗುತ್ತದೆ ಎಂದು ಯಾರಿಗೆ ಹೊಳೆಯುತ್ತದೆ? ಊಟಕ್ಕೆ ಕರೆದವರಿಗೆ, ಪಕ್ಕದವರ ಎಲೆಯಿಂದ ತೆಗೆದುಕೊಳ್ಳಬೇಡಿ ಎಂದು ಚೀಟಿ ಕೊಡುತ್ತೇವೆಯೇ?

ಪ್ರಸ್ತಾವನೆಯಲ್ಲಿ ಅಧ್ಯಾಯಗಳ ಸಂಖ್ಯೆ ಮಾತ್ರ ತಿದ್ದಿಕೊಡಿ, ಕಾಲು ಗಂಟೆ ಕೆಲಸ ಎಂದರು. ಅಧಿಕಾರಿಗಳಿಗೆ ಇದು ಗೊತ್ತೇ ಎಂದು ಕೇಳಿದೆ. ಅವರು ಕರಡು ನೋಡಿ, ಭಾಷೆ ಬಹಳ ಸುಧಾರಿಸಿದೆ ಎಂದು ಸಂತೋಷಪಟ್ಟರಂತೆ. ಚಹಾದ ಕೆನೆ ಪ್ರಾಂಶುಪಾಲರ ಮೀಸೆಗೆ ಅಂಟಿಕೊಂಡಿತ್ತು. ಇಷ್ಟು ದಿನ ಅದನ್ನು ಕಂಡೂ ಕಾಣದಂತೆ ಇರುತ್ತಿದ್ದೆ. ಅಂದು ಅದರಿಂದ ಕಣ್ಣು ಕೀಳಲಾಗಲಿಲ್ಲ.

ಮಾರನೆಯ ಬೆಳಿಗ್ಗೆ ಮುಳಬಾಗಿಲು ಬಸ್ಸು ಹತ್ತಿ, ದೇವರಾಯಸಮುದ್ರದ ಕ್ರಾಸಿನಲ್ಲಿ ಇಳಿದು ಆಟೋ ಹಿಡಿದು ಅಂಗನವಾಡಿಗೆ ಹೋದೆ. ಟೀಚರಮ್ಮ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದರು. ಎರಡೂ ಅಧ್ಯಾಯ ಅವರ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿ, ಚೆನ್ನಾಗಿ ಒಣಗಿದೆಯೇ ಎಂದು ನೋಡಿಕೊಂಡು, ಆಮೇಲೆ ಹಾಳೆ ಮುಟ್ಟಿದರು. ಸಾಲಿನ ಕೆಳಗೆ ಬೆರಳಿಟ್ಟು ನಿಂತೇ ಓದಿದರು. ತೂಬಿನ ಸಾಲಿಗೆ ಬಂದಾಗ ಬೆರಳು ನಿಂತಿತು.

"ಇದು ನಂದೇ ಅಲ್ವಾ ಅಕ್ಕ?"

ಹೌದು ಎಂದೆ. ನಡೆದದ್ದೆಲ್ಲ ಹೇಳಿದೆ. ನಿಯಮ ಬರೆದದ್ದು ನಾನೇ ಎಂದೂ ಹೇಳಿದೆ. ಕೊನೆಯಲ್ಲಿ ಇಟ್ಟಿದ್ದಕ್ಕೆ ಅವರಿಗೆ ಬೇಜಾರಿರಲಿಲ್ಲ. ಕೊನೆಯಾದರೇನು, ಅಚ್ಚುಕಟ್ಟಿನಲ್ಲಿ ಕೊನೆಗದ್ದೆ ಇರೋದಿಲ್ಲವೇ ಎಂದರು. ಆಮೇಲೆ ಮತ್ತೆ ಆ ಸಾಲು ನೋಡಿದರು.

"ಆ ಆಫೀಸರ್ ಸಾರು ಯಾವತ್ತಾದ್ರೂ ನೀರಿಗೆ ಇಳಿದಿದಾರಾ? ನಮ್ಮ ಮಾವನ ಕಾಲು ಸೆಡೆತು ಹೋಗಿತ್ತು ಕಣಕ್ಕ, ಇಳಿದು ಇಳಿದು. ಆ ಕಾಲು ಯಾರ್ದು ಅಂತ ಇಲ್ಲದಂಗೆ ಮಾಡವ್ರೆ. ನಂದು ವಾಪಸ್ ಕೊಟ್ಬಿಡಿ. ವದ್ದು."

ಕೊನೆಯ ತೆಲುಗು ಮಾತನ್ನು ಬಹಳ ಮೆಲ್ಲಗೆ ಹೇಳಿದರು, ಮಗುವಿಗೆ ಸಿಹಿ ಬೇಡವೆನ್ನುವಂತೆ. ಬೇರೆ ಯಾರ ಹೆಸರಿನಲ್ಲೂ ತಮ್ಮ ವಾಕ್ಯ ಇರಕೂಡದು, ಲೇಖನವನ್ನೂ ಹಿಂದಕ್ಕೆ ಪಡೆಯುತ್ತೇನೆ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿದರು. ಲೇಖಕರೆಲ್ಲರಿಂದ ಒಪ್ಪಿಗೆಪತ್ರ ಪಡೆದಿದ್ದೆವು. ಒಪ್ಪಿಗೆ ಕೊಟ್ಟವರೇ ಬೇಡವೆಂದು ಬರೆದುಕೊಟ್ಟರೆ ಅಚ್ಚು ಹಾಕಲು ಪ್ರಾಂಶುಪಾಲರಿಗೂ ಧೈರ್ಯವಿರಲಿಲ್ಲ. ನಾನು ಟೀಚರಮ್ಮನ ಪತ್ರದ ಜೊತೆಗೆ ನನ್ನದನ್ನೂ ಪ್ರಾಂಶುಪಾಲರ ಮುಂದೆ ಇಟ್ಟೆ: ಪ್ರಸ್ತಾವನೆ ವಾಪಸ್, ಹೆಸರೂ ಬೇಡ. ಅವರು ಓದಿ, ಹೆಣ್ಮಕ್ಕಳು ಸಣ್ಣದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುತ್ತೀರಿ ಎಂದರು. ನಾನು ನಮಸ್ಕಾರ ಹೇಳಿ ಎದ್ದೆ. ಕಾನ್ವೆಂಟಿನಲ್ಲಿ ಕಲಿಸಿದ್ದು ಅಷ್ಟೇ. ಬಾಗಿಲನ್ನೂ ಸದ್ದಾಗದಂತೆ ಮುಚ್ಚಿಕೊಂಡು ಬಂದೆ. ಆ ಮೆದುತನದ ಬಗ್ಗೆ ದಾರಿಯುದ್ದಕ್ಕೂ ಅಸಹ್ಯವಾಯಿತು.

ಪುಸ್ತಕ ಬಂತು. ಬಿಡುಗಡೆಗೆ ನಾನು ಹೋಗಲಿಲ್ಲ. ಯಾರ ಕೈಯಲ್ಲೋ ಒಂದು ಪ್ರತಿ ಮನೆಗೆ ಕಳಿಸಿದ್ದರು. ಅಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಒಳಪುಟದಲ್ಲಿ ಸಹಸಂಪಾದಕಿ ಎಂದು ನನ್ನ ಹೆಸರು ಹಾಗೇ ಇತ್ತು. ಪ್ರಸ್ತಾವನೆಯ ಜಾಗದಲ್ಲಿ ಪ್ರಾಂಶುಪಾಲರು ಹತ್ತು ಜನರನ್ನೂ ಒಬ್ಬೊಬ್ಬರಾಗಿ ಹೊಗಳಿದ್ದರು, ಕಾರ್ಡಿನ ಸಾಲಿನಲ್ಲೇ. ಯಾವ ಲೇಖನದ ಪಕ್ಕ ಯಾವುದು ಯಾಕಿದೆ ಎಂಬ ಮಾತಿಲ್ಲ; ಇಟ್ಟಿಗೆ ಗೂಡಿನ ಹಿಂದೆ ಏರಿ, ಮಾವಿನ ತೋಟವಾದ ಮೇಲೆ ಕಾಲುವೆ.

ಮೊದಲ ಅಧ್ಯಾಯ ತೆರೆದೆ. ಟೀಚರಮ್ಮನ ವಾಕ್ಯಗಳನ್ನು ತೆಗೆಯಬೇಕಾಗಿ ಬಂದಾಗ, ಡಿಟಿಪಿ ಅಂಗಡಿಯ ಹೆಂಗಸು ಅಧಿಕಾರಿಗಳ ಲೇಖನ ಹತ್ತನೆಯದಾಗಿದ್ದಾಗ ನಾನು ತಿದ್ದಿ ಕೊಟ್ಟಿದ್ದ ಹಳೆಯ ಫೈಲನ್ನೇ ತಂದು ಸೇರಿಸಿದ್ದಳು. ಯಾರೂ ಓದಿ ನೋಡಿರಲಿಲ್ಲ. ಹೀಗಾಗಿ, ಪುಸ್ತಕದ ಮೊದಲ ಅಧ್ಯಾಯದ ಎರಡನೇ ಪುಟದಲ್ಲಿ, ದೊಡ್ಡ ಅಧಿಕಾರಿಗಳ ಹೆಸರಿನ ಅಡಿಯಲ್ಲಿ, ತೂಬು ಎಂಬ ಮಾತಿನ ಮುಂದೆ ಹೀಗಿತ್ತು: 'ಮೊದಲ ಅಧ್ಯಾಯ ನೋಡಿ.' ಕೋಡಿಯ ಮುಂದೆಯೂ ಅದೇ. ಹೂಳಿನ ಮುಂದೆಯೂ ಅದೇ.

ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಡಬ್ಬಿಯ ಪಕ್ಕ, ನನ್ನ ಪೆನ್ಸಿಲ್ ಇತ್ತು. ಅದನ್ನು ಅಲ್ಲೇ ಬಿಟ್ಟೆ.