ಬಿಲ್ ಇಲ್ಲದ ಕೆಲಸ

ಹನ್ನೊಂದು ವರ್ಷ ಬಾಡಿಗೆಗಿದ್ದ ಮನೆಯ ಕೀಲಿಯನ್ನು ಟೈಲರಮ್ಮ ಒಪ್ಪಿಸಿ ತಿಂಗಳು ದಾಟಿತ್ತು. ಗಂಡ ತೀರಿಹೋದ ಮೇಲೆ ಆ ಮನೆಯ ಹೊರಕೋಣೆಯಲ್ಲೇ ಹೊಲಿದು ಮಗಳನ್ನು ಓದಿಸಿದವಳು. ಬಂದವರೆಲ್ಲ "ಮನೇಲೇ ಇರ್ತೀರಲ್ಲ, ನಿಮಗೇನು ಕಷ್ಟ" ಎಂದು ಕೂಲಿ ಚೌಕಾಸಿ ಮಾಡುತ್ತಿದ್ದರು. ಈಗಿನ ಮನೆಯ ಓನರ್‌ಗೆ ಅವಳು ಅರ್ಧ ಅಡ್ವಾನ್ಸ್ ಮಾತ್ರ ಕೊಟ್ಟಿದ್ದಳು. ಉಳಿದದ್ದು ಈ ವಾರ ಕೊಡದಿದ್ದರೆ ಮನೆ ಬಿಡಬೇಕು.

ಫೋನ್ ಮಾಡಿದಾಗಲೆಲ್ಲ ಹಳೆಯ ಓನರ್ "ನಿನ್ನ ಅಡ್ವಾನ್ಸಲ್ಲಿ ಖರ್ಚು ಹಿಡಿದು ಉಳಿದದ್ದು ಕೊಡ್ತೀನಮ್ಮ" ಎನ್ನುತ್ತಿದ್ದರು. ಕೊನೆಗೆ ಪತ್ರ ಬರೆದಳು. ಮನೆ ಬಿಟ್ಟ ತಾರೀಕು, ಕೀಲಿ ಕೊಟ್ಟದ್ದು, ಕರೆಂಟ್ ಬಿಲ್ ಕಟ್ಟಿದ್ದು ಎಲ್ಲ ಹಾಕಿ, 'ಠೇವಣಿಯಲ್ಲಿ ಯಾವುದಕ್ಕೆ ಎಷ್ಟು ಹಿಡಿದಿದ್ದೀರಿ ಎಂದು ಬಿಡಿಬಿಡಿಯಾಗಿ ಬರೆದು, ಬಿಲ್ ಸಮೇತ ತಿಳಿಸಿ, ಬಾಕಿ ಹಿಂತಿರುಗಿಸಬೇಕು' ಎಂದು ಕೇಳಿದಳು. ಒಂದು ಪ್ರತಿ ಇಟ್ಟುಕೊಂಡು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದಳು.

ಓನರ್ ಕರೆಸಿದರು. ಮುಖ ಗಂಟಿಕ್ಕಿಕೊಂಡು ಹಾಳೆಯೊಂದನ್ನು ಮುಂದೆ ತಳ್ಳಿದರು.

"ಕೇಳಿದ್ರೆ ಕೊಡ್ತಿರ್ಲಿಲ್ವಾ? ಕೋರ್ಟಿನವರ ಥರ ಬರೆದಿದೀಯ."

"ಕೇಳಿ ಕೇಳಿ ನಾಲಿಗೆ ಸವೆದೋಯ್ತು ಸರ್."

ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ. ಕರಾರಿನಲ್ಲೇ ಇತ್ತು, ಒಪ್ಪಿದಳು. ಒಡೆದ ವಾಶ್‌ಬೇಸಿನ್‌ಗೆ ಪ್ಲಂಬರ್ ಬಿಲ್ ಇತ್ತು, ಅದನ್ನೂ ಒಪ್ಪಿದಳು. ಮೂರನೆಯದು, 'ಅಡುಗೆಮನೆ, ಬಚ್ಚಲು ತಿಕ್ಕಿ ತೊಳೆದ ಕೂಲಿ'. ಅದೇ ದೊಡ್ಡ ಮೊತ್ತ.

"ಇದಕ್ಕೆ ಬಿಲ್ ಎಲ್ಲಿ ಸರ್? ನಾನೂ ತೊಳೆದೇ ಮನೆ ಬಿಟ್ಟಿದ್ದೆ."

"ಜಿಡ್ಡು ಹಾಗೇ ಇತ್ತು. ನಮ್ಮನೆಯವಳೇ ತಿಕ್ಕಿದ್ಲು. ಅದಕ್ಕೆಲ್ಲಿ ಬಿಲ್ ತರಲಿ?"

ಓನರ್ ಹೆಂಡತಿ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಬೆರಳ ಸಂದುಗಳಲ್ಲಿ ಚರ್ಮ ಸುಲಿದಿತ್ತು.

"ಅಕ್ಕಂಗೆ ಕೂಲಿ ಕೊಟ್ರಾ?"

ಓನರ್ ನಕ್ಕರು. "ಹೆಂಡ್ತಿಗೆ ಕೂಲಿ ಕೊಟ್ಟು ಕೆಲಸ ಮಾಡಿಸ್ಕೊಳೋ ಕಾಲ ಇನ್ನೂ ಬಂದಿಲ್ಲಮ್ಮ."

ಟೈಲರಮ್ಮನಿಗೆ ದಾರಿ ಸಿಕ್ಕಿತು. "ಕೊಟ್ಟಿಲ್ಲ ಅಂದ್ಮೇಲೆ ನಿಮಗೆ ಖರ್ಚಾಗಿಲ್ಲ. ಆಗದಿರೋ ಖರ್ಚು ಹಿಡಿಯೋ ಹಾಗಿಲ್ಲ ಸರ್."

ಅವರು ಹಾಳೆ ನೋಡಿದರು, ಪತ್ರ ನೋಡಿದರು. ಇನ್ನೊಂದು ರಿಜಿಸ್ಟರ್ ಅಂಚೆ ಬರುವುದು ಅವರಿಗೆ ಬೇಕಿರಲಿಲ್ಲ. ಪೆನ್ನು ತೆಗೆದು ಆ ಸಾಲಿನ ಮೇಲೆ ಗೀಟೆಳೆದು, ಬಾಕಿಗೆ ಚೆಕ್ ಬರೆದರು.

ಗೇಟಿನವರೆಗೆ ಹೆಂಡತಿ ಬಂದಳು. ಎಷ್ಟೋ ಸಲ ಅವಳ ರವಿಕೆಗಳ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟವಳು ಟೈಲರಮ್ಮ. ದುಡ್ಡು ಕೇಳಿರಲಿಲ್ಲ, ಅವಳೂ ಕೊಟ್ಟಿರಲಿಲ್ಲ.

"ಒಳ್ಳೆ ಮಾತಾಡ್ದೆ," ಎಂದಳು. "ಎರಡು ದಿನ ಕುಕ್ಕರಗಾಲಲ್ಲಿ ಕೂತು ಉಜ್ಜಿದ್ದೆ ಕಣೇ. ಖರ್ಚೇ ಆಗಿಲ್ಲ ಅಂದುಬಿಟ್ಯಲ್ಲ."

ಟೈಲರಮ್ಮ ಚೆಕ್ಕನ್ನು ಪರ್ಸಿನೊಳಗೆ ಇನ್ನೂ ಆಳಕ್ಕೆ ತಳ್ಳಿದಳು. ಬ್ಯಾಂಕು ಮುಚ್ಚುವುದರೊಳಗೆ ಹೋಗಬೇಕಿತ್ತು.

"ಬರ್ತೀನಕ್ಕ," ಎಂದಳು.