ಮೊದಲು ಐಫೋನಿಗೆ, ಆಮೇಲೆ ಲೋಕಕ್ಕೆ

ಚೆನ್ನೈನ ವೇಲಚೇರಿಯ ನಮ್ಮ ಫ್ಲ್ಯಾಟಿನಲ್ಲಿ ನಾನೂ ನನ್ನ ಪಾಲುದಾರ ಗೆಳೆಯನೂ ನಡೆಸಿದ ಮಾರುಕಟ್ಟೆ ಸಮೀಕ್ಷೆ ಬಹಳ ಆಳವಾದದ್ದು. ಊಟದ ಮೇಜಿನ ಮೇಲೆ ಎರಡು ಫೋನ್ ಇದ್ದವು, ಎರಡೂ ಐಫೋನ್. ಅಲ್ಲಿಗೆ ಸಮೀಕ್ಷೆ ಮುಗಿಯಿತು. ಔಷಧಿ ಹೋಲ್‌ಸೇಲ್ ಅಂಗಡಿಗಳ ಆರ್ಡರು, ಬಿಲ್ಲು ನೋಡಿಕೊಳ್ಳುವ ನಮ್ಮ ಸಾಫ್ಟ್‌ವೇರ್ ಮೊದಲು ಐಫೋನಿಗೆ, ಆಮೇಲೆ ಮಿಕ್ಕ ಲೋಕಕ್ಕೆ. ಕೋಡ್ ಬರೆಯಲು ನಾನೊಬ್ಬನೇ ಇದ್ದುದರಿಂದ ಒಂದು ಸಲಕ್ಕೆ ಒಂದೇ ಬಗೆಯ ಫೋನಿಗೆ ಆಗಬೇಕಿತ್ತು. ವರ್ಷದೊಳಗೆ ಒಬ್ಬ ಗಿರಾಕಿಯೂ ಸಿಗದಿದ್ದರೆ ನಾನು ಬಿಟ್ಟುಬಂದ ಆಫೀಸಿನ ಮ್ಯಾನೇಜರ್ ಮುಂದೆ ಹಲ್ಲುಗಿಂಜಬೇಕಿತ್ತು.

ಮೂರು ತಿಂಗಳ ಮೇಲೆ ಕೀಲ್ಪಾಕಿನ ಒಂದು ಹೋಲ್‌ಸೇಲ್ ಅಂಗಡಿಗೆ ಹೋದೆವು. ಅವರದು ಎಂದೋ ಇಲ್ಲಿಗೆ ಬಂದ ಕನ್ನಡ ಮನೆತನ. "ಅಕ್ಕ ಒಪ್ಪಿದ್ರ ತಗೊಳ್ತೀವಿ" ಎಂದರು ಯಜಮಾನರು. ಅವರ ಅಕ್ಕ ಬಿಲ್ಲಿಂಗ್ ಮೇಜಿನಲ್ಲಿದ್ದರು. ಕಿವಿಗೂ ಭುಜಕ್ಕೂ ನಡುವೆ ಫೋನ್, ಎರಡೂ ಕೈ ಕೀಬೋರ್ಡಿನ ಮೇಲೆ. ಆರ್ಡರ್ ಕೇಳುತ್ತಲೇ, ಸ್ಕ್ರೀನ್ ಕೂಡ ನೋಡದೆ ಬಿಲ್ ಹೊಡೆಯುತ್ತಿದ್ದರು. ನಾನು ಹೆಮ್ಮೆಯಿಂದ ನನ್ನ ಐಫೋನ್ ಮುಂದೆ ಹಿಡಿದೆ.

"ತಂಬಿ, ಇದನ್ನ ಯಾವ ಕೈಯಾಗ ಹಿಡೀಲಿ? ನೀನೇ ಸೊಲ್ಲಪ್ಪಾ" ಎಂದರು ಅಕ್ಕ, ತಮ್ಮ ತಮಿಳು ಬೆರೆತ ಕನ್ನಡದಲ್ಲಿ.

"ಬರೀ ಸ್ವೈಪ್ ಮಾಡಿ ಅಕ್ಕಾ, ತುಂಬಾ ಈಸಿ" ಎಂದ ಗೆಳೆಯ. ಅಕ್ಕ ಸ್ವೈಪ್ ಮಾಡಲಿಲ್ಲ. ಫ್ಯಾನಿನ ಗಾಳಿಗೆ ಹಾರುತ್ತಿದ್ದ ಬಿಲ್ಲುಗಳ ಮೇಲೆ ನನ್ನ ಫೋನಿಟ್ಟು ಮುಂದಿನ ಆರ್ಡರ್ ತೆಗೆದುಕೊಂಡರು. ಆಗಷ್ಟೇ ನಾನು ಸುತ್ತ ನೋಡಿದೆ. ಅಂಗಡಿಗಳಿಂದ ಆರ್ಡರ್ ತರುವ ಸೇಲ್ಸ್‌ನವರ ಕೈಯಲ್ಲೆಲ್ಲ ಗಾಜು ಒಡೆದ ಆಂಡ್ರಾಯ್ಡ್ ಫೋನುಗಳು. ಇಡೀ ಅಂಗಡಿಯಲ್ಲಿ ಐಫೋನ್ ಇದ್ದದ್ದು ಯಜಮಾನರ ಬಳಿ ಮಾತ್ರ; ಅವರೋ ಸಂಜೆ ಒಮ್ಮೆ ಲೆಕ್ಕ ನೋಡುವವರು.

ಹೊರಗೆ ಬಂದಮೇಲೆ, ಐಫೋನ್ ಆ್ಯಪ್ ಸದ್ಯಕ್ಕೆ ಬೇಡ ಎಂದೆ. ಗೆಳೆಯ, "ಹೂಡಿಕೆದಾರರು ಆ್ಯಪ್ ಎಲ್ಲಿ ಅಂತ ಕೇಳ್ತಾರಲ್ಲೋ?" ಎಂದ.

"ಅವರು ಬಂದು ಬಿಲ್ ಹೊಡೀತಾರಾ? ಸುಮ್ನಿರೋ ಮಾರಾಯ!" ಎಂದು ರೇಗಿದೆ. ಸಿಟ್ಟು ನಿಜಕ್ಕೂ ನನ್ನ ಮೇಲೆಯೇ ಇತ್ತು.

ಹೊಸ ಸರದಿ ಹೀಗಾಯಿತು: ಮೊದಲು ಬ್ರೌಸರಿನಲ್ಲಿ ಓಡುವ ವೆಬ್ ಆವೃತ್ತಿ, ಏಕೆಂದರೆ ಕೆಲಸ ನಡೆಯುವುದು ಅಕ್ಕನ ಕಂಪ್ಯೂಟರಿನಲ್ಲಿ. ಯಜಮಾನರ ಐಫೋನಿನಲ್ಲೂ ಅದೇ ತೆರೆಯುತ್ತದೆ. ತಪ್ಪು ಸಿಕ್ಕರೆ ಯಾವ ಆ್ಯಪ್ ಸ್ಟೋರಿನ ಅಪ್ಪಣೆಗೂ ಕಾಯದೆ ತಿದ್ದಬಹುದು. ಆಮೇಲೆ ಸೇಲ್ಸ್‌ನವರಿಗೆ ಆಂಡ್ರಾಯ್ಡ್, ಅದೂ ಸಿಗ್ನಲ್ ಇಲ್ಲದ ಕಡೆ ಆರ್ಡರ್ ಹಿಡಿದಿಟ್ಟುಕೊಳ್ಳುವಂಥದ್ದು. ಐಫೋನ್ ಆ್ಯಪ್ ಕೊನೆಗೆ. ಇಷ್ಟು ತಿಳಿಯಲು ಇಬ್ಬರು ಎಂಜಿನಿಯರುಗಳಿಗೆ ಮೂರು ತಿಂಗಳು ಹಿಡಿಯಿತು, ಭಲೇ!

ಮುಂದಿನ ಸಲ ಕೀಬೋರ್ಡಿನಿಂದಲೇ ಎಲ್ಲ ನಡೆಯುವಂತೆ, ಎಂಟರ್ ಒತ್ತಿದರೆ ಮುಂದಿನ ಖಾನೆಗೆ ಹೋಗುವಂತೆ ಬರೆದುಕೊಂಡು ಹೋದೆ. ಅಕ್ಕನ ಭುಜದ ಫೋನ್ ಜಾರಲಿಲ್ಲ, ಕೈ ನಿಲ್ಲಲಿಲ್ಲ. ಒಂದು ಬಿಲ್, ಎರಡನೆಯದು, ಮೂರನೆಯದು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾಲ್ಕನೆಯದು ಮುಗಿದಾಗ, "ಇದು ಇರಲಿ ತಂಬಿ" ಎಂದರು.

ಫ್ಯಾನ್ ಜೋರಾಗಿತ್ತು. ನಾನೇ ಜೇಬಿನಿಂದ ಐಫೋನ್ ತೆಗೆದು ಬಿಲ್ಲುಗಳ ಮೇಲಿಟ್ಟೆ.