ತನ್ಮಯಿಯ ರೈಲಿನಲ್ಲಿ ಒಂದು ಖಾಲಿ ಸೀಟು

ಧಾರವಾಡದ ವಿಶ್ವನಾಥ ೨೦೦೫ರಲ್ಲಿ ಕೋಲ್ಕತ್ತದ ರೈಲ್ವೆಯಲ್ಲಿ ಸಿಗ್ನಲ್ ಇನ್‌ಸ್ಪೆಕ್ಟರ್. ಎಲ್ಲವೂ ವೇಳೆಗೆ ಸರಿಯಾಗಿ ಆಗಬೇಕು ಎನ್ನುವ ಮನುಷ್ಯ. ಪಕ್ಕದ ಕ್ವಾರ್ಟರ್ಸಿನ ಮೂರು ವರ್ಷದ ಹುಡುಗ ನರ್ಸರಿಯಲ್ಲಿ ಇಪ್ಪತ್ತರವರೆಗೆ ಬರೆಯುತ್ತಿದ್ದ. ಅವನ ಅಪ್ಪ ಆಗಲೇ ಮಗನಿಗೆ ಸೆಕ್ಟರ್ ಫೈವ್‌ನ ಐಟಿ ಕಂಪನಿಯ ನೌಕರಿಯ ಮಾತಾಡುತ್ತಿದ್ದ. ವಿಶ್ವನಾಥನ ಅದೇ ವಯಸ್ಸಿನ ಮಗಳು ತನ್ಮಯಿ ಮಾತ್ರ ಟಾಲಿಗಂಜಿನ ಪ್ಲೇಸ್ಕೂಲಿನಿಂದ ಮೈತುಂಬ ಮಣ್ಣು ಮೆತ್ತಿಕೊಂಡು ಬರುತ್ತಿದ್ದಳು.

“ಮಗಳನ್ನ ಬರಿಯೂದು ಕಲಿಸೋ ಸಾಲಿಗೆ ಹಾಕೋಣು,” ಎಂದ ವಿಶ್ವನಾಥ.

“ಒಮ್ಮೆ ಹೋಗಿ ನೋಡ್ರಿ, ಆಮ್ಯಾಲೆ ಬಿಡಿಸ್ರಿ,” ಎಂದಳು ಹೆಂಡತಿ ಶೋಭನಾ.

ಮರುದಿನ ಮಗಳನ್ನು ಬಿಡಿಸಲೆಂದೇ ಹೋದ. ಅಲ್ಲಿ ಮಕ್ಕಳು ಪುಟ್ಟ ಕುರ್ಚಿಗಳನ್ನು ಸಾಲಾಗಿಟ್ಟು ರೈಲು ಮಾಡಿದ್ದರು. ತನ್ಮಯಿ ಒಬ್ಬೊಬ್ಬರಿಗೂ ಒಂದೊಂದು ಎಲೆಯನ್ನು ಟಿಕೆಟ್ಟೆಂದು ಕೊಟ್ಟು, ಬೆರಳು ಮಡಚಿ ಎಣಿಸಿ, “ಏಕ್ ಸೀಟ್ ಖಾಲಿ! ಅಪ್ಪಾ, ಬಾ!” ಎಂದು ಕೂಗಿದಳು.

ಟೀಚರ್ ಮಿತಾದಿ ನಗುತ್ತ ಹಿಂದಿಯಲ್ಲಿ ಹೇಳಿದರು: “ಎಣಿಕೆ ಹೀಗೇ ಬರುತ್ತದೆ. ಮಣ್ಣು ನಾದಿ ಬೆರಳು ಗಟ್ಟಿಯಾಗಲಿ, ಪೆನ್ಸಿಲ್ ಆಮೇಲೆ ಹಿಡಿಯಲಿ.”

ವಿಶ್ವನಾಥ ಬೂಟು ಬಿಚ್ಚಿ, ಮಂಡಿ ಎದೆಗೆ ತಾಗುವಂತೆ ಮುದುರಿ ಕೂತ. ರೈಲು ಎಸ್ಪ್ಲನೇಡ್ ಸ್ಟೇಷನ್ ಮುಟ್ಟುವವರೆಗೂ ಮಗಳು ಏಳಗೊಡಲಿಲ್ಲ. ಬಿಡಿಸುವ ಮಾತನ್ನು ಅವನು ಎತ್ತಲೇ ಇಲ್ಲ.

ಐದು ತುಂಬಿದ ಮೇಲೆ ತನ್ಮಯಿ ತಾನಾಗಿಯೇ ಬರೆಯಲು ಕೂತಳು. ಅಷ್ಟರಲ್ಲಿ ವಿಶ್ವನಾಥ ಆ ರೈಲಿನ ಶನಿವಾರದ ಕಾಯಂ ಪ್ರಯಾಣಿಕನಾಗಿದ್ದ.